ಮುಯ್ಯಿ ಪುಸ್ತಕದ ಮರುದಿನ

ಕೇಳುಗರಿಗೆ ನಮಸ್ಕಾರ. ಮದುವೆ ಮುಗಿದ ಮರುದಿನ, ಹೊರಗೆ ಚಪ್ಪರದ ಕಂಬಗಳನ್ನು ಕೀಳುತ್ತಿರುವ ಹೊತ್ತಿನಲ್ಲಿ, ಒಳಕೋಣೆಯಲ್ಲಿ ಚಾಪೆ ಹಾಸಿ ಲಕೋಟೆಗಳ ರಾಶಿಯ ಮುಂದೆ ಕೂರುವ ಕೆಲಸವೊಂದಿದೆ. ಶಿರಸಿ ಸೀಮೆಯ ಸಹಕಾರಿ ಸಂಘವೊಂದರಲ್ಲಿ ಬಹಳ ವರ್ಷ ಲೆಕ್ಕ ಬರೆದವನೆಂಬ ಕಾರಣಕ್ಕೆ ನೆಂಟರ ಮನೆಗಳಲ್ಲಿ ಆ ಕೆಲಸ ಸಾಮಾನ್ಯವಾಗಿ ನನ್ನ ಪಾಲಿಗೇ ಬರುತ್ತದೆ. ಯಾರು ಏನು ಕೊಟ್ಟರೆಂದು ಬರೆದಿಡುವ ಆ ಪುಸ್ತಕವನ್ನು ಉಡುಗೊರೆ ಪಟ್ಟಿಯೆಂದೂ ಮುಯ್ಯಿ ಪುಸ್ತಕವೆಂದೂ ಕರೆಯುತ್ತಾರೆ. ಅದನ್ನು ಬರೆಯುವ ಬಗೆಯನ್ನು, ಹೋದ ವೈಶಾಖದ ಒಂದು ಮದುವೆಯನ್ನು ಎದುರಿಗಿಟ್ಟುಕೊಂಡು, ಈ ದಿನ ಹೇಳುತ್ತೇನೆ.

ಮೊದಲ ತೊಡಕು ಹೆಸರಿನದು. ನಮ್ಮ ಘಟ್ಟದ ಮೇಲಿನ ಹಳ್ಳಿಗಳಲ್ಲಿ ಗಣಪತಿ ಹೆಗಡೆ, ನಾರಾಯಣ ಭಟ್ಟ ಎಂಬ ಹೆಸರುಗಳು ಮನೆಗೊಂದರಂತೆ ಸಿಗುತ್ತವೆ. ಲಕೋಟೆಯ ಮೇಲೆ ಅಷ್ಟನ್ನೇ ಬರೆದಿದ್ದರೆ ಹತ್ತು ವರ್ಷದ ನಂತರ ಪುಸ್ತಕ ತೆರೆದವರಿಗೆ ಅದರಿಂದ ಪ್ರಯೋಜನವಿಲ್ಲ. ಆದ್ದರಿಂದ ನಾನು ಮೊದಲು ಊರು, ಆಮೇಲೆ ಮೇಲಿನಮನೆ ಅಥವಾ ಹೊಸಮನೆ ಎಂಬಂಥ ಮನೆಯ ಗುರುತು, ಅದರ ನಂತರವೇ ಯಜಮಾನರ ಹೆಸರು ಮತ್ತು ಸಂಬಂಧವನ್ನು ಬರೆಯುತ್ತೇನೆ. ಮುಯ್ಯಿ ನಡೆಯುವುದು ಮನೆ ಮನೆಗಳ ನಡುವೆ. ಈಗ ಫೋನಿನ ಮೂಲಕ ಹಣ ಹಾಕುವವರು ಹೆಚ್ಚಾಗಿದ್ದಾರೆ. ಬೆಂಗಳೂರಿನಲ್ಲಿರುವ ಮಗನ ಖಾತೆಯಿಂದ ಬಂದ ಹಣ ಹಳ್ಳಿಯಲ್ಲಿರುವ ಅಪ್ಪಯ್ಯನ ಪರವಾಗಿ ಬಂದದ್ದೇ, ಅಥವಾ ಮಗನದೇ ಬೇರೆ ಉಡುಗೊರೆಯೇ ಎಂಬುದನ್ನು ಅದೇ ವಾರ ಕೇಳಿ ಬರೆದುಕೊಳ್ಳದಿದ್ದರೆ ಮುಂದೆ ಕೇಳುವುದಕ್ಕೆ ಸಂಕೋಚವಾಗುತ್ತದೆ.

ಇನ್ನು ಲಕೋಟೆಗಳು. ಒಂದನ್ನೂ ಒಡೆಯುವ ಮೊದಲು ಎಲ್ಲದರ ಮೇಲೂ ಪೆನ್ಸಿಲ್ಲಿನಲ್ಲಿ ಕ್ರಮಸಂಖ್ಯೆ ಹಾಕಬೇಕು. ಒಬ್ಬರು ಒಡೆದು ಎಣಿಸಿ ಮೊತ್ತವನ್ನು ಲಕೋಟೆಯ ಮೇಲೆಯೇ ಬರೆಯಬೇಕು, ಇನ್ನೊಬ್ಬರು ಅದನ್ನು ಪುಸ್ತಕಕ್ಕೆ ಏರಿಸಬೇಕು. ಖಾಲಿ ಲಕೋಟೆಯನ್ನು ಲೆಕ್ಕ ಕೂಡುವವರೆಗೆ ಎಸೆಯಬಾರದು. ನಾನು ಹೇಳಿದ ಮದುವೆಯಲ್ಲಿ 138 ಲಕೋಟೆಗಳಿದ್ದವು. ಪುಸ್ತಕದ ಮೊತ್ತ 94,830 ರೂಪಾಯಿ ಆಯಿತು, ಕೈಯಲ್ಲಿದ್ದ ನಗದು 94,560. ಮನೆಯವರ ಮುಖ ಸಣ್ಣದಾಯಿತು, ಏಕೆಂದರೆ ಹಿಂದಿನ ಸಂಜೆ ಆ ಕೋಣೆಗೆ ಹತ್ತಾರು ಜನ ಬಂದುಹೋಗಿದ್ದರು. ಆದರೆ ವ್ಯತ್ಯಾಸ 270 ಎಂಬುದು ಒಂಬತ್ತರಿಂದ ನಿಃಶೇಷವಾಗಿ ಭಾಗವಾಗುತ್ತದೆ, ಮತ್ತು ಅಂಕಿಗಳು ಹಿಂದುಮುಂದಾದಾಗ ಬರುವ ವ್ಯತ್ಯಾಸ ಯಾವಾಗಲೂ ಹಾಗೆಯೇ ಇರುತ್ತದೆ. ಪುಟಗಳ ಮೇಲೆ ಕಣ್ಣಾಡಿಸಿದಾಗ 521 ಎಂಬ ಮೊತ್ತವೊಂದು ಸಿಕ್ಕಿತು. ಮುಯ್ಯಿಗೆ 501 ಕೊಡುತ್ತಾರೆ, 551 ಕೊಡುತ್ತಾರೆ, 521 ಕೊಡುವವರನ್ನು ನಾನಂತೂ ಕಂಡಿಲ್ಲ. ಆ ಕ್ರಮಸಂಖ್ಯೆಯ ಲಕೋಟೆಯನ್ನು ಹುಡುಕಿ ನೋಡಿದರೆ ಅದರ ಮೇಲೆ 251 ಎಂದಿತ್ತು. ಬೇರೊಂದು ಮನೆಯಲ್ಲಿ ಸರಿಯಾಗಿ 501 ರೂಪಾಯಿ ಕಡಿಮೆ ಬಿದ್ದಿತ್ತು. ಅದು ಒಂಬತ್ತರಿಂದ ಭಾಗವಾಗದ ಮೊತ್ತ. ಇಡೀ ಒಂದು ನಮೂದೇ ತಪ್ಪಿರಬೇಕೆಂದು ಹುಡುಕಿದಾಗ, ಒಂದೇ ಲಕೋಟೆಯ ಮೇಲೆ ಅಣ್ಣತಮ್ಮಂದಿರಿಬ್ಬರ ಹೆಸರಿದ್ದುದರಿಂದ ಬರೆದವರು ಇಬ್ಬರಿಗೂ 501 ಹಾಕಿದ್ದುದು ತಿಳಿಯಿತು.

ವಸ್ತುಗಳ ವಿಷಯದಲ್ಲಿ ನನ್ನದೊಂದು ಹಟವಿದೆ. ಬೆಳ್ಳಿಯ ಕುಂಕುಮ ಭರಣಿಯನ್ನಾಗಲಿ ದೀಪವನ್ನಾಗಲಿ ರೂಪಾಯಿಯಲ್ಲಿ ಮಾತ್ರ ಬರೆದರೆ ಕೆಲವು ವರ್ಷಗಳಲ್ಲಿ ಆ ಅಂಕಿಗೆ ಅರ್ಥ ಉಳಿಯುವುದಿಲ್ಲ. ಮನೆಯ ತಕ್ಕಡಿಯಲ್ಲೇ ತೂಗಿ ಗ್ರಾಮಿನಲ್ಲೂ ಬರೆದಿಟ್ಟರೆ, ಮುಂದೆ ಅವರ ಮನೆಗೆ ಅಷ್ಟೇ ತೂಕದ ಬೆಳ್ಳಿಯನ್ನು ಒಯ್ಯಬಹುದು. ಅಂದಾಜು ಬೆಲೆಯನ್ನು ಕೈಬಿಡುವಂತೆಯೂ ಇಲ್ಲ. ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಬಂದ ನಿಯಮಗಳ ಪ್ರಕಾರ, ಮದುವೆಯ ಸಮಯದಲ್ಲಿ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧುವೂ ವರನಿಗೆ ಬಂದವುಗಳ ಪಟ್ಟಿಯನ್ನು ವರನೂ ಇಟ್ಟುಕೊಳ್ಳಬೇಕು. ಪ್ರತಿ ವಸ್ತುವಿನ ಚಿಕ್ಕ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರು ಬಂಧುಗಳಾಗಿದ್ದರೆ ಆ ಸಂಬಂಧ, ಇಷ್ಟೂ ಅದರಲ್ಲಿದ್ದು, ಎರಡು ಪಟ್ಟಿಗಳಿಗೂ ವಧೂವರರಿಬ್ಬರ ಸಹಿ ಇರಬೇಕು. ನಮ್ಮ ಮುಯ್ಯಿ ಪುಸ್ತಕದಲ್ಲಿ ಇಷ್ಟೆಲ್ಲ ಇದ್ದರೂ ವಧುವಿನದು, ವರನದು ಎಂದು ಬೇರ್ಪಡಿಸಿರುವುದಿಲ್ಲ, ಸಹಿಯೂ ಇರುವುದಿಲ್ಲ. ಹಾಗಾಗಿ ಮದುಮಗಳು ಗಂಡನ ಮನೆಗೆ ಹೊರಡುವ ಮೊದಲೇ ಆಕೆಯ ಪಟ್ಟಿಯನ್ನು ಬೇರೆ ಹಾಳೆಗೆ ಇಳಿಸಿ, ಇಬ್ಬರ ಸಹಿ ಹಾಕಿಸಿ, ಆಕೆಯ ಕೈಗೇ ಕೊಡಿಸುತ್ತೇನೆ.

ಈಗ ಮರಳಿ ಕೊಡುವ ಲೆಕ್ಕಕ್ಕೆ ಬರೋಣ. ಹೆಚ್ಚಿನವರು ಎಡವುವುದು ಇಲ್ಲಿಯೇ, ಏಕೆಂದರೆ ಬಂದ ಲಕೋಟೆಗಳನ್ನೆಲ್ಲ ತಾವು ತೀರಿಸಬೇಕಾದ ಮುಯ್ಯಿ ಎಂದೇ ಅವರು ತಿಳಿಯುತ್ತಾರೆ. ಅವುಗಳಲ್ಲಿ ಅನೇಕವು ನಾವು ಹಿಂದೆ ಕೊಟ್ಟದ್ದು ತಿರುಗಿ ಬಂದವು. ಹೊಸ ಪುಸ್ತಕ ಬರೆಯುವಾಗ ಮನೆಯ ಹಳೆಯ ಪುಸ್ತಕವನ್ನೂ, ನಾವು ಬೇರೆಯವರ ಮನೆಗಳಲ್ಲಿ ಕೊಟ್ಟದ್ದನ್ನು ಬರೆದ ಡೈರಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಈ ಮದುವೆಗೆ ಸಿದ್ದಾಪುರದ ಕಡೆಯ ಒಂದು ಮನೆಯವರು 1,001 ರೂಪಾಯಿ ಕೊಟ್ಟಿದ್ದರು. 2014ರಲ್ಲಿ ಅವರ ಮಗನ ಉಪನಯನಕ್ಕೆ ಈ ಮನೆಯಿಂದ 501 ಹೋಗಿತ್ತೆಂದು ಡೈರಿಯಲ್ಲಿತ್ತು. ಅಂದರೆ ಹಳೆಯ ಮುಯ್ಯಿ ತೀರಿ, ಮೇಲೆ 500 ಹೊಸದಾಗಿ ಬಂದಿದೆ. ಆ ಸಾಲಿನ ಒಂದು ಅಂಕಣದಲ್ಲಿ ‘ಹಿಂದಿನದು ತೀರಿದೆ’ ಎಂದು ಬರೆದು, ಮುಂದಿನ ಅಂಕಣವನ್ನು ನಾವು ಕೊಡುವ ದಿನ, ಸಂದರ್ಭ ಮತ್ತು ಮೊತ್ತಕ್ಕೆಂದು ಖಾಲಿ ಬಿಟ್ಟೆ. ಹನ್ನೊಂದು ವರ್ಷದ ಹಿಂದಿನ 501 ಇಂದಿನ ಎಷ್ಟಕ್ಕೆ ಸಮವೆಂದು ಬಡ್ಡಿ ಹಾಕಿ ನೋಡುವವರೂ ಇದ್ದಾರೆ. ನನಗೆ ಅದು ಸಾಲದ ಖಾತೆಯಂತೆ ಕಾಣುತ್ತದೆ. ಬಂದದ್ದಕ್ಕೆ ಕಡಿಮೆಯಾಗದಂತೆ, ಊರಿನ ಈಗಿನ ನಡಾವಳಿಗೆ ಹೊಂದುವಂತೆ ಕೊಟ್ಟರಾಯಿತು.

ಹೆಚ್ಚು ಕೊಡುವುದರಲ್ಲಿಯೂ ತೊಂದರೆಯಿದೆ. ಕೂಲಿಯಿಂದ ಬದುಕುವ ಮನೆಯವರು 51 ರೂಪಾಯಿ ಕೊಟ್ಟಿದ್ದರೆ, ಅವರ ಮನೆಯ ಮದುವೆಗೆ ನಾವು 1,001 ಕೊಟ್ಟು ದೊಡ್ಡವರೆನಿಸಿಕೊಳ್ಳಬಹುದು. ಆದರೆ ನಮ್ಮ ಮುಂದಿನ ಕಾರ್ಯಕ್ಕೆ ಅಷ್ಟನ್ನು ಹೊಂದಿಸುವ ಚಿಂತೆ ಅವರದಾಗುತ್ತದೆ. ಅಂಥಲ್ಲಿ ಲಕೋಟೆಯನ್ನು ಚಿಕ್ಕದಾಗಿಯೇ ಇಟ್ಟು, ಅಕ್ಕಿ, ತೆಂಗಿನಕಾಯಿ, ಬಾಳೆಗೊನೆಯನ್ನು ಹಿಂದಿನ ದಿನವೇ ಕಳಿಸುವುದು ಮೇಲು.

ಮಂಟಪದಿಂದ ಹೊರಡುವವರಿಗೆ ಕೊಡುವ ತಾಂಬೂಲ, ರವಿಕೆ ಕಣ, ಕಾಯಿಗಳ ಲೆಕ್ಕ ಇದಕ್ಕಿಂತ ಸುಲಭ. ಊಟದ ಎಲೆಗಳನ್ನು ಎಣಿಸಿ ತರಿಸಿದರೆ ಬಹಳಷ್ಟು ಮಿಕ್ಕಿಬಿಡುತ್ತದೆ. ಅದರ ಬದಲು ಕರೆಯ ಮನೆಗಳನ್ನು ಎಣಿಸಿ, ಹತ್ತಕ್ಕೊಂದರಂತೆ ಹೆಚ್ಚು ಸೇರಿಸಿದರೆ ಸಾಕಾಗುತ್ತದೆ.

ಆ ಮದುವೆಯ ಪುಸ್ತಕದ ಕೊನೆಯ ಪುಟದಲ್ಲಿ ಲಕೋಟೆ ಕೊಡದವರ ಹೆಸರುಗಳಿವೆ. ಎರಡು ದಿನ ಮೊದಲೇ ಬಂದು ಚಪ್ಪರ ಹಾಕಿದವರು, ತೋಟದಿಂದ ಬಾಳೆಲೆ ಕೊಯ್ದು ತಂದವರು, ರಾತ್ರಿಯಿಡೀ ಕಾಯಿ ತುರಿದ ಪಕ್ಕದ ಮನೆಯ ಅತ್ತಿಗೆ, ಕುಮಟೆಯಿಂದ ನೆಂಟರನ್ನು ಜೀಪಿನಲ್ಲಿ ಘಟ್ಟ ಹತ್ತಿಸಿದ ಹುಡುಗ. ಅವರ ಮುಂದಿನ ಅಂಕಣದಲ್ಲಿ ರೂಪಾಯಿಯ ಬದಲು ದಿನಗಳನ್ನು ಬರೆದಿದ್ದೇನೆ. ಚಪ್ಪರ ಹಾಕಿದವರ ಮನೆಯಲ್ಲಿ ಬರುವ ಮಾಘದಲ್ಲಿ ಉಪನಯನವಿದೆ, ಈ ಮನೆಯಿಂದ ಇಬ್ಬರು ಗಂಡಾಳುಗಳು ಎರಡು ದಿನ ಮೊದಲೇ ಅಲ್ಲಿಗೆ ಹೋಗಬೇಕು. ನಮಸ್ಕಾರ.