ತಡೆ ಪುಟ್ಟು, ತಡೆ

ಮಕ್ಕಳೇ, ನಮಸ್ಕಾರ. ಎಲ್ಲರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ್ಕೊಳ್ಳಿ. ಇವತ್ತು ನಾನು ಕತೆ ಹೇಳ್ತೇನೆ, ನೀವು ಕತೆ ಮಾಡಿ ತೋರಿಸಬೇಕು. ಆಯ್ತಾ?

ಬಲಗೈ ಮುಂದೆ ಚಾಚಿ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ. ಈಗ ಉಳಿದ ನಾಲ್ಕು ಬೆರಳು ಅದರ ಮೇಲೆ ಮುಚ್ಚಿ. ಮುಷ್ಟಿ ಆಯ್ತಲ್ಲ? ಇದು ಗೇರುಬೀಜ. ನಾಲ್ಕು ಬೆರಳು ಅದರ ಗಟ್ಟಿ ಸಿಪ್ಪೆ. ಒಳಗೆ ಬೆಚ್ಚಗೆ ಮಲಗಿದ್ದಾನಲ್ಲ ಹೆಬ್ಬೆರಳು, ಅವನೇ ಪುಟ್ಟು.

ಬದಿಯಡ್ಕದ ಹತ್ತಿರ ಒಂದು ಗುಡ್ಡೆ. ಗುಡ್ಡೆ ತುಂಬ ಗೇರುಮರ. ಬೇಸಗೆಯಲ್ಲಿ ಹಳದಿ ಹಣ್ಣು, ಕೆಂಪು ಹಣ್ಣು, ಪ್ರತಿ ಹಣ್ಣಿನ ಕೆಳಗೂ ಒಂದೊಂದು ಬೀಜ. ಅಜ್ಜಿ ಬೆಳಿಗ್ಗೆ ಬುಟ್ಟಿ ಹಿಡ್ಕೊಂಡು ಬರ್ತಾರೆ, ಬಿದ್ದ ಹಣ್ಣು ಹೆಕ್ಕುತ್ತಾರೆ, ಬೀಜವನ್ನು ಹೀಗೆ ತಿರುಪಿ ತೆಗೀತಾರೆ. ನೀವೂ ತಿರುಪಿ ನೋಡುವ. ತಿರುಪು, ತಿರುಪು, ಟಕ್! ಬುಟ್ಟಿಗೆ ಹಾಕಿ. ಒಂದು ಬೀಜ ಮಾತ್ರ ಅಜ್ಜಿಯ ಕೈ ತಪ್ಪಿತು. ಉರುಳಿತು, ಉರುಳಿತು, ತರಗೆಲೆಯ ಅಡಿಗೆ ಹೋಗಿ ಕೂತಿತು. ಮುಷ್ಟಿಯನ್ನು ಮಡಿಲಲ್ಲಿ ಇಟ್ಟುಕೊಳ್ಳಿ. ಎಡಗೈಯನ್ನು ಅದರ ಮೇಲೆ ಮುಚ್ಚಿ. ಎಡಗೈ ಈಗ ತರಗೆಲೆ.

ಬಿಸು ಹಬ್ಬ ಮುಗಿಯಿತು. ಒಂದು ಸಂಜೆ ಆಕಾಶ ಕಪ್ಪಾಯಿತು. ಎಡಗೈ ಎತ್ತಿ. ಒಂದೇ ಬೆರಳಿನಿಂದ ಮುಷ್ಟಿಯ ಮೇಲೆ ತಟ್ಟಿ. ಟಪ್. ಟಪ್. ಟಪ್. ಮಳೆ!

ಪುಟ್ಟುವಿಗೆ ಎಚ್ಚರವಾಯಿತು. "ಸಿಪ್ಪೆಯಮ್ಮಾ, ಮಳೆ ಬಂತು! ನಾನು ಹೊರಗೆ ಬರಲಾ?" ಅಂತ ಒಳಗಿನಿಂದಲೇ ಗುದ್ದಿದ. ಹೆಬ್ಬೆರಳಿನಿಂದ ಗುದ್ದಿ ನೋಡುವ. ಸಿಪ್ಪೆಯಮ್ಮ ಬಿಟ್ಟಳಾ? ಇಲ್ಲ. "ತಡೆ ಪುಟ್ಟು, ತಡೆ. ನಾಳೆ ಮಧ್ಯಾಹ್ನ ನೆಲ ಮುಟ್ಟಿ ನೋಡುವ" ಅಂದಳು. ನೀವೂ ಹೇಳಿ: ತಡೆ ಪುಟ್ಟು, ತಡೆ. ಈಗ ಮುಷ್ಟಿ ಗಟ್ಟಿ. ಮನಸ್ಸಿನಲ್ಲೇ ಮೂರು ಎಣಿಸುವ.

(ಮೂರು ಎಣಿಸುವಷ್ಟು ಮೌನ)

ಮಧ್ಯಾಹ್ನ ಆಯ್ತು. ಎಡಗೈಯಿಂದ ನೆಲ ಮುಟ್ಟಿ. ಅಬ್ಬ, ಬಿಸಿ! ಸೂರ್ಯ ನೀರೆಲ್ಲ ಕುಡಿದುಬಿಟ್ಟಿದ್ದಾನೆ. ಪುಟ್ಟು ಹೊರಗೆ ಬಂದಿದ್ದರೆ ಕುಡಿಯಲಿಕ್ಕೆ ಒಂದು ಹನಿಯೂ ಸಿಗ್ತಿರಲಿಲ್ಲ.

ಮೇ ತಿಂಗಳು. ಗುಡು ಗುಡು ಗುಡುಗು. ಎಡಗೈಯ ಎರಡು ಬೆರಳಿನಿಂದ ತಟ್ಟಿ, ಸ್ವಲ್ಪ ಜೋರು. ಸಿಪ್ಪೆ ಒದ್ದೆ. "ಈಗ ಬರಲಾ?" "ತಡೆ ಪುಟ್ಟು, ತಡೆ." ಅಲ್ಲೇ ಮನೆಯಂಗಳದಲ್ಲಿ ಅಜ್ಜಿ ಬಿತ್ತಿದ ಅಲಸಂಡೆ ಆಗಲೇ ತಲೆ ಹೊರಗೆ ಹಾಕಿ ನಗ್ತಾ ಇತ್ತು. ಪುಟ್ಟುವಿಗೆ ಸಿಟ್ಟು ಬಂತು. "ಅದು ಬಂತಲ್ಲ, ನನಗೆ ಮಾತ್ರ ಯಾಕೆ ತಡೆ?" ಸಿಪ್ಪೆಯಮ್ಮ ಹೇಳಿದಳು: "ಅಲಸಂಡೆಯದ್ದು ತೆಳು ಸಿಪ್ಪೆ ಮಗಾ, ನೀರು ಬೇಗ ಒಳಗೆ ಹೋಗ್ತದೆ. ಅಜ್ಜಿ ಅದಕ್ಕೆ ದಿನಾ ನೀರು ಹಾಕ್ತಾರೆ. ಗುಡ್ಡೆಯಲ್ಲಿ ನಮಗೆ ನೀರು ಹಾಕುವವರು ಯಾರು? ಮಳೆಯೇ ಹಾಕಬೇಕು." ಈಗ ಐದು ಎಣಿಸುವ. ಬಾಯಿ ಮುಚ್ಚಿ.

(ಐದು ಎಣಿಸುವಷ್ಟು ಮೌನ)

ಅಂಗನವಾಡಿ ಟೀಚರಿಗೆ, ಮನೆಯಲ್ಲಿ ಮಕ್ಕಳ ಹತ್ತಿರ ಕೂತ ಅಜ್ಜ ಅಜ್ಜಿಯರಿಗೆ ಇಲ್ಲಿ ಒಂದು ಮಾತು. ನಾನು ಸುಮ್ಮನಾದಾಗ ದಯವಿಟ್ಟು ನೀವು ಮಾತಾಡಿ ಆ ಜಾಗ ತುಂಬಿಸಬೇಡಿ. ಮಕ್ಕಳು ಕಾಯುವುದನ್ನು ಅಭ್ಯಾಸ ಮಾಡುವುದು ಆ ಮೌನದಲ್ಲೇ. ಅದಕ್ಕೇ ಅದನ್ನು ಮೂರರಿಂದ ಐದಕ್ಕೆ, ಐದರಿಂದ ಹತ್ತಕ್ಕೆ ಉದ್ದ ಮಾಡಿದ್ದೇನೆ. ಮೂರು ವರ್ಷದ ಮಗುವಿಗೆ ಹತ್ತು ಬಹಳ ಉದ್ದ. ನಡುವೆ ಮುಷ್ಟಿ ಬಿಚ್ಚಿದರೆ ಬೈಯಬೇಡಿ, ನಿಮ್ಮ ಮುಷ್ಟಿಯನ್ನು ಎತ್ತಿ ತೋರಿಸಿ, ತಾನಾಗಿ ಮುಚ್ಚುತ್ತದೆ.

ಬನ್ನಿ ಮಕ್ಕಳೇ. ಜೂನ್ ಬಂತು. ಐದೂ ಬೆರಳಿನಿಂದ ಮುಷ್ಟಿಯ ಮೇಲೆ ಮಳೆ ಸುರಿಸಿ. ಹಗಲೂ ಮಳೆ, ರಾತ್ರಿಯೂ ಮಳೆ. ಈ ಸಲ ಪುಟ್ಟು ಗುದ್ದಲಿಲ್ಲ. "ಸಿಪ್ಪೆಯಮ್ಮಾ, ಬೆಳಿಗ್ಗೆ ನೆಲ ತಣ್ಣಗಿತ್ತು. ಮಧ್ಯಾಹ್ನ ಹೇಗುಂಟು?" ಅಂತ ಕೇಳಿದ. ಎಡಗೈಯಿಂದ ನೆಲ ಮುಟ್ಟಿ. ತಣ್ಣಗೆ. "ರಾತ್ರಿ?" ಮುಟ್ಟಿ. ತಣ್ಣಗೆ! ಮರುದಿನವೂ ತಣ್ಣಗೆ. ನೀರು ನಿಧಾನಕ್ಕೆ ಸಿಪ್ಪೆಯೊಳಗೆ ಇಳಿಯಿತು. ಪುಟ್ಟು ಕುಡಿದ, ಕುಡಿದ, ಉಬ್ಬಿದ. ಮುಷ್ಟಿಯನ್ನು ಮೆಲ್ಲ, ಮೆಲ್ಲ ಸಡಿಲ ಮಾಡಿ. ಬಿಚ್ಚಬೇಡಿ! ಕೊನೆಯ ಸಲ, ಹತ್ತು ಎಣಿಸುವ.

(ಹತ್ತು ಎಣಿಸುವಷ್ಟು ಮೌನ)

ಪಟ್! ಸಿಪ್ಪೆ ಬಿರಿಯಿತು. ಮೊದಲು ಏನು ಹೊರಗೆ ಬಂತು ಹೇಳಿ? ಎಲೆಯಾ? ಅಲ್ಲ. ಬೇರು! ಹೆಬ್ಬೆರಳನ್ನು ಹೊರಗೆ ತೆಗೆದು ನೆಲದ ಕಡೆ ತೋರಿಸಿ. ಕೆಳಗೆ, ಕೆಳಗೆ, ಮುರಮಣ್ಣಿನ ಸಂದಿಗೆ. ಪುಟ್ಟು ಮೊದಲು ನೆಲವನ್ನು ಗಟ್ಟಿ ಹಿಡಿದುಕೊಂಡ, ನೀರು ಹುಡುಕಿಕೊಂಡ. ಆಮೇಲೆ ಮೇಲಕ್ಕೆ.

ಮೇಲಕ್ಕೆ ಬರುವಾಗ ಅವನು ಮುಖ ಮುಂದೆ ಮಾಡಿ ಬರಲಿಲ್ಲ. ಮುಖವನ್ನು ಮಣ್ಣಿಗೆ ಉಜ್ಜಿದರೆ ನೋವಾಗ್ತದಲ್ಲ? ಎಳೆ ಕುಡಿಯೂ ಹಾಗೆಯೇ. ಅದಕ್ಕೆ ಪುಟ್ಟು ಬೆನ್ನು ಬಗ್ಗಿಸಿಕೊಂಡು, ಬೆನ್ನಿನಿಂದ ಮಣ್ಣು ತಳ್ಳಿಕೊಂಡು ಬಂದ. ಈಗ ಎಲ್ಲರೂ ಮೊಣಕಾಲೂರಿ. ಗಲ್ಲ ಎದೆಗೆ ತಾಗಿಸಿ, ಕೈಗಳನ್ನು ಹೊಟ್ಟೆಗೆ ಒತ್ತಿಕೊಳ್ಳಿ. ಮೊದಲು ಬೆನ್ನು ಏಳಲಿ. ತಲೆ ಕೆಳಗೇ ಇರಲಿ. ಇನ್ನೂ ಸ್ವಲ್ಪ ಬೆನ್ನು. ಮೆಲ್ಲ ಎದ್ದು ನಿಲ್ಲಿ. ಈಗ ಕೊನೆಗೆ ತಲೆ ಎತ್ತಿ! ಪುಟ್ಟುವಿನ ತಲೆ ಮೇಲೆ ಇನ್ನೂ ಸಿಪ್ಪೆಯ ಟೊಪ್ಪಿ ಉಂಟು. ತಲೆ ಅಲ್ಲಾಡಿಸಿ ಬೀಳಿಸಿ. ಎರಡೂ ಕೈ ಅಗಲ ಮಾಡಿ, ಅಂಗೈ ಆಕಾಶಕ್ಕೆ. ಇವು ಎರಡು ದಪ್ಪ ಬೇಳೆ, ಪುಟ್ಟು ಕಟ್ಟಿಕೊಂಡು ಬಂದ ಬುತ್ತಿ. ಎಲೆಗಳು ದೊಡ್ಡದಾಗುವವರೆಗೆ ಅವನು ಇದನ್ನೇ ಉಣ್ತಾನೆ.

ಟೀಚರ್, ಕತೆ ಮುಗಿದ ಮೇಲೆ ಮಕ್ಕಳಿಗೆ ಗೇರುಬೀಜ ಕೊಡಬೇಡಿ. ಹಸಿ ಸಿಪ್ಪೆಯ ಎಣ್ಣೆ ಬಾಯಿ, ಕೈ ಸುಡುತ್ತದೆ. ಹಲಸಿನ ಬೀಜವೂ ಬೇಡ. ಅದು ಕಾಯುವ ಬೀಜವೇ ಅಲ್ಲ, ಒಣಗಿಸಿಟ್ಟರೆ ಮತ್ತೆ ಹುಟ್ಟುವುದಿಲ್ಲ. ನಾಲ್ಕು ವರ್ಷದವರಿಗೆ ಅಲಸಂಡೆ ಸರಿ. ಒಂದು ರಾತ್ರಿ ನೆನೆಹಾಕಿ. ಪಾರದರ್ಶಕ ಗ್ಲಾಸಿನ ಒಳಬದಿಗೆ ಒದ್ದೆ ಬಟ್ಟೆ ಸುತ್ತಿ ಇಡಿ, ಬಟ್ಟೆಗೂ ಗಾಜಿಗೂ ನಡುವೆ ಎರಡು ಕಾಳು ಸಿಕ್ಕಿಸಿ. ತಳದಲ್ಲಿ ಬೆರಳಗಲ ನೀರು ಸಾಕು, ಕಾಳು ಮುಳುಗಬಾರದು. ಹೀಗೆ ಇಟ್ಟರೆ ಬೀಜವನ್ನು ಅಗೆಯದೆಯೇ ನೋಡಬಹುದು. ಮಣ್ಣಿನಲ್ಲಿ ಹಾಕಿದರೆ ಮಕ್ಕಳು ದಿನಾ ಅಗೆದು ನೋಡ್ತಾರೆ, ಎಳೆಬೇರು ತುಂಡಾಗ್ತದೆ. ಎರಡನೆಯ, ಮೂರನೆಯ ದಿನಕ್ಕೆ ಬೇರು ಕಾಣಬೇಕು, ಆಮೇಲೆ ಬಗ್ಗಿದ ಬೆನ್ನು. ಕಾಳು ಲೋಳೆಯಾಗಿ ನಾತ ಬಂದರೆ ನೀರು ಹೆಚ್ಚಾಯಿತು ಅಂತ ಅರ್ಥ. ಅದನ್ನು ಬಿಸಾಡಿ, ಬಟ್ಟೆ ತೊಳೆದು ಬೇರೆ ಕಾಳು ಹಾಕಿ.

ಮಕ್ಕಳೇ, ಗ್ಲಾಸಿನ ಮೇಲೆ ನಿಮ್ಮ ಹೆಸರನ್ನು ಟೀಚರ್ ಹತ್ತಿರ ಬರೆಸಿಕೊಳ್ಳಿ. ದಿನಾ ಬೆಳಿಗ್ಗೆ ಬಂದ ಕೂಡಲೇ ಬಟ್ಟೆ ಮುಟ್ಟಿ ನೋಡಬೇಕು, ಒದ್ದೆ ಉಂಟಾ ಅಂತ. ಒಣಗಿದ್ದರೆ ಒಂದು ಚಮಚ ನೀರು ಹಾಕಿ. ಬೇರು ಬಂದ ದಿನ ಹೆಬ್ಬೆರಳು ಕೆಳಗೆ ತೋರಿಸಿ, ಬೆನ್ನು ಕಂಡ ದಿನ ಬೆನ್ನು ಬಗ್ಗಿಸಿ ತೋರಿಸಿ. ನಮಸ್ಕಾರ.