ಒಂಬತ್ತು ಬಸ್ಸು ಸಾಕು, ಆದರೆ ಯಾವಾಗ?

ನಮಸ್ಕಾರ. ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಬೆಳಗಾವಿಯ ಮೂರನೇ ರೈಲ್ವೆ ಗೇಟ್ ಹತ್ತಿರ ನಿಂತವರಿಗೆ ಇದು ಹೊಸದೇನಲ್ಲ. ಮಚ್ಛೆ ಕಡೆಯ ಬಸ್ ಬರುತ್ತದೆ. ಮೆಟ್ಟಿಲ ಮೇಲೆ ಇಬ್ಬರು ಹುಡುಗರು. ಅವರ ಒಂದು ಕಾಲು ಒಳಗೆ, ಬೆನ್ನಿನ ಬ್ಯಾಗು ಪೂರ್ತಿ ಹೊರಗೆ. ಕಂಡಕ್ಟರ್ ಮುಖ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ: "ಒಳಗ ಸರೀರಿ, ಹಿಂದ ಜಾಗಾ ಐತಿ!" ಹಿಂದೆ ಜಾಗ ಇರುವುದಿಲ್ಲ. ಅದು ಅವರಿಗೂ ಗೊತ್ತು, ನಮಗೂ ಗೊತ್ತು.

ಇದರ ಬಗ್ಗೆ ನಾವು ಓಣಿಯ ನಾಲ್ಕೈದು ಜನ ಸೇರಿ ಒಂದು ಕಚೇರಿಗೆ ಅರ್ಜಿ ಹಿಡಿದು ಹೋಗಿದ್ದೆವು. ಅಲ್ಲಿದ್ದ ಸಾಹೇಬರು ಒಳ್ಳೆಯವರೇ. ಕೂರಿಸಿದರು, ಚಹಾ ಕೊಡಿಸಿದರು. ಒಂದು ಹಾಳೆ ತೆಗೆದು ತೋರಿಸಿದರು. "ನೋಡ್ರಿ, ಈ ರೂಟಿನಾಗ ಲೋಡ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟ. ಇನ್ನೊಂದು ಗಾಡಿ ಯಾಕ ಬೇಕ್ರಿ?"

ಆವತ್ತು ನಮಗೆ ಸಿಟ್ಟು ಬಂತು. ಈಗ ಯೋಚಿಸಿದರೆ ಸಾಹೇಬರು ಸುಳ್ಳು ಹೇಳಿರಲಿಲ್ಲ ಅನಿಸುತ್ತದೆ. ಹಾಳೆಯೂ ಸುಳ್ಳಲ್ಲ. ನಾವು ಕೇಳಿದ್ದು ಒಂದು ಪ್ರಶ್ನೆ, ಆ ಹಾಳೆಯಲ್ಲಿ ಇದ್ದದ್ದು ಇನ್ನೊಂದು ಪ್ರಶ್ನೆಯ ಉತ್ತರ.

ಹೇಗೆ ಅಂತ ಹೇಳುತ್ತೇನೆ. 40 ಸೀಟಿನ ಬಸ್ ಅಂದುಕೊಳ್ಳಿ. ಸಿಬಿಟಿ ಬಸ್ ನಿಲ್ದಾಣದಿಂದ ಮಚ್ಛೆಗೆ ಹೋಗುವಾಗ, ದಾರಿಯುದ್ದದ ಸರಾಸರಿ ತೆಗೆದರೆ ಒಳಗೆ 35 ಜನ. ವಾಪಸ್ ಬರುವಾಗ, ಬೆಳಗಿನ ಹೊತ್ತು ಊರ ಕಡೆ ಬರುವವರು ಕಡಿಮೆ, 10 ಜನ. ಹೋಗಿ ಬರುವ ಎರಡೂ ಟ್ರಿಪ್ ಸೇರಿ 80 ಸೀಟಿಗೆ 45 ಜನ ಆಯಿತು. ಅಂದರೆ ನೂರಕ್ಕೆ 56. ಹಾಳೆಯಲ್ಲಿ ಬರುವುದು ಅದೇ. ಮಧ್ಯಾಹ್ನದ ಖಾಲಿ ಟ್ರಿಪ್‌ಗಳನ್ನೂ ಸೇರಿಸಿದರೆ ಇನ್ನೂ ಇಳಿಯುತ್ತದೆ. ಈ ಸಂಖ್ಯೆ ಡೀಸೆಲ್ ಖರ್ಚು ಹುಟ್ಟುತ್ತದೋ ಇಲ್ಲವೋ ನೋಡಲು ಬೇಕು. ಎಷ್ಟು ನಿಮಿಷಕ್ಕೊಂದು ಬಸ್ ಬಿಡಬೇಕು ಅಂತ ತೀರ್ಮಾನಿಸಲು ಇದು ಉಪಯೋಗಕ್ಕೆ ಬರುವುದಿಲ್ಲ.

ಅದಕ್ಕೆ ಬೇರೆ ಲೆಕ್ಕ ಇದೆ, ಕಷ್ಟದ್ದೇನಲ್ಲ. ರೂಟಿನಲ್ಲಿ ಬಸ್ ಅತಿ ಹೆಚ್ಚು ತುಂಬಿರುವ ಜಾಗ ಒಂದಿರುತ್ತದೆ. ಆ ಜಾಗವನ್ನು ರಶ್ ಇರುವ ಒಂದು ಗಂಟೆಯಲ್ಲಿ, ಒಂದೇ ದಿಕ್ಕಿನಲ್ಲಿ, ಬಸ್ಸಿನೊಳಗಿದ್ದು ಎಷ್ಟು ಜನ ದಾಟುತ್ತಾರೆ ಅಂತ ಎಣಿಸಬೇಕು. ಆಮೇಲೆ ಒಂದು ಬಸ್ಸಿನಲ್ಲಿ ಎಷ್ಟು ಜನ ಇರಲಿ ಅಂತ ನಾವು ನಿರ್ಧರಿಸಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಬಸ್ ಬೇಕು ಅಂತ ಬರುತ್ತದೆ, ಅದು ಫ್ರೀಕ್ವೆನ್ಸಿ. 60 ನಿಮಿಷವನ್ನು ಅದರಿಂದ ಭಾಗಿಸಿದರೆ ಎರಡು ಬಸ್ಸಿನ ನಡುವಿನ ಅಂತರ ಸಿಗುತ್ತದೆ, ಅದು ಹೆಡ್‌ವೇ.

ನಮ್ಮ ರೂಟಿಗೆ ಒಂದು ಅಂದಾಜು ಸಂಖ್ಯೆ ಹಾಕಿ ನೋಡೋಣ. ಗೋವಾವೇಸ್, ಆರ್‌ಪಿಡಿ ಕ್ರಾಸ್ ದಾಟುವಾಗ ಜನ ಹತ್ತುತ್ತಲೇ ಇರುತ್ತಾರೆ. ಉದ್ಯಮಬಾಗ್ ಬಂದ ಮೇಲೆ ಇಳಿಯಲು ಶುರು. ಹಾಗಾಗಿ ಮೂರನೇ ಗೇಟನ್ನೇ ಎಣಿಕೆಯ ಜಾಗ ಮಾಡಿಕೊಳ್ಳೋಣ. ಎಂಟೂವರೆಯಿಂದ ಒಂಬತ್ತೂವರೆವರೆಗೆ ಅಲ್ಲಿ 420 ಜನ ದಾಟಿದರು ಅಂತ ಇಟ್ಟುಕೊಳ್ಳಿ. ಅಲ್ಲಿ ಹತ್ತಿದವರು ಎಷ್ಟು ಅಂತಲ್ಲ, ಬಸ್ಸಿನೊಳಗೆ ಇದ್ದವರು ಎಷ್ಟು ಅಂತ. ಇದನ್ನು ಗೊಂದಲ ಮಾಡಿಕೊಳ್ಳುವವರು ಬಹಳ ಜನ.

ಈಗ ಎರಡನೆಯ ಸಂಖ್ಯೆ, ಲೋಡ್ ಫ್ಯಾಕ್ಟರ್. ಒಳಗಿರುವ ಜನರನ್ನು ಸೀಟಿನಿಂದ ಭಾಗಿಸಿದ್ದು. 1 ಅಂದರೆ ಎಲ್ಲರಿಗೂ ಸೀಟು, ನಿಂತವರು ಯಾರೂ ಇಲ್ಲ. ಹಾಗಾದರೆ 420 ಭಾಗ 40, ಹತ್ತೂವರೆ ಬಸ್ಸು. ಅರ್ಧ ಬಸ್ಸು ಬಿಡಲು ಆಗುವುದಿಲ್ಲ ಅಲ್ವಾ, ಹನ್ನೊಂದು ಬೇಕು. 1.25 ಅಂದರೆ ಸೀಟು ತುಂಬಿ ಇನ್ನು ಹತ್ತು ಜನ ನಿಂತಿರುತ್ತಾರೆ, ಒಟ್ಟು 50. 420 ಭಾಗ 50 ಮಾಡಿದರೆ 8.4, ಅಂದರೆ ಒಂಬತ್ತು ಬಸ್ಸು. 1.5 ಅಂದರೆ ಇಪ್ಪತ್ತು ಜನ ನಿಂತಿರುತ್ತಾರೆ, ಏಳು ಬಸ್ಸಿಗೆ ಮುಗಿಯುತ್ತದೆ.

ಜನ ಅಷ್ಟೇ, ಬಸ್ಸೂ ಅದೇ. ಹನ್ನೊಂದೋ ಏಳೋ ಅನ್ನುವುದು ಗಣಿತದಿಂದ ಬಂದದ್ದಲ್ಲ. ಎಷ್ಟು ಜನ ನಿಂತು ಹೋದರೆ ನಡೆಯುತ್ತದೆ ಅಂತ ಯಾರೋ ಕೂತು ತೀರ್ಮಾನ ಮಾಡಿದ್ದು. ನನ್ನ ಪ್ರಕಾರ ಊರೊಳಗಿನ ಈ ರೂಟಿಗೆ 1.25 ಸರಿ. ಸ್ವಲ್ಪ ಹೊತ್ತು ನಿಂತರೆ ಯಾರಿಗೂ ಏನೂ ಆಗುವುದಿಲ್ಲ. ಅದೇ ಖಾನಾಪುರಕ್ಕೋ ಬೈಲಹೊಂಗಲಕ್ಕೋ ಹೋಗುವ ಬಸ್ಸಿಗೆ 1ರ ಮೇಲೆ ಇಡುವುದು ತಪ್ಪು. ಅಷ್ಟು ದೂರ ಕಂಬ ಹಿಡಿದು ನಿಲ್ಲುವುದು ಬೇರೆ ಮಾತು.

"1.5 ಇಟ್ಟರೆ ಏನಾಯಿತು, ನಮ್ಮ ಕಡೆ ಜನ ಹೊಂದಿಕೊಳ್ಳುತ್ತಾರೆ" ಅಂತ ಕೆಲವರು ಹೇಳುತ್ತಾರೆ. ಹೊಂದಿಕೊಳ್ಳುತ್ತಾರೆ, ನಿಜ. ಆದರೆ 60 ಅನ್ನುವುದು ಸರಾಸರಿ. ಒಂದು ಬಸ್ಸಿಗೆ 50 ಬಂದರೆ ಇನ್ನೊಂದಕ್ಕೆ 70 ಬರುತ್ತಾರೆ. ಆ 70ರ ಬಸ್ಸು ಮೆಟ್ಟಿಲ ಮೇಲೆ ಜನ ಇಟ್ಟುಕೊಂಡೇ ಓಡಬೇಕು. ಗುರಿಯನ್ನು ಸ್ವಲ್ಪ ಕೆಳಗೆ ಇಡುವುದು ಈ ಏರಿಳಿತಕ್ಕೆ ಜಾಗ ಬಿಡಲಿಕ್ಕೆ.

ಸರಿ, ಒಂಬತ್ತು ಬಸ್ಸು. 60 ಭಾಗ 9, ಆರು ನಿಮಿಷ ನಲವತ್ತು ಸೆಕೆಂಡಿಗೆ ಒಂದು. ಲೆಕ್ಕ ಮುಗಿಯಿತು ಅನ್ನಿಸುತ್ತದೆ. ಇಲ್ಲೇ ಹೆಚ್ಚಿನವರು ಎಡವುವುದು.

ಆ 420 ಜನ ಗಂಟೆಯುದ್ದಕ್ಕೂ ಒಂದೇ ಸಮ ಬರುವುದಿಲ್ಲ. ಕಾಲೇಜು ಒಂಬತ್ತಕ್ಕೆ, ಫ್ಯಾಕ್ಟರಿ ಪಾಳಿ ಒಂಬತ್ತಕ್ಕೆ. ಹಾಗಾಗಿ ಎಂಟೂ ಮುಕ್ಕಾಲರಿಂದ ಒಂಬತ್ತರವರೆಗಿನ ಕಾಲು ಗಂಟೆಯಲ್ಲೇ 140 ಜನ ಬಂದರು ಅನ್ನಿ. ಗಂಟೆಯ ನಾಲ್ಕನೇ ಒಂದು ಭಾಗ ಹೊತ್ತಿನಲ್ಲಿ ಮೂರನೇ ಒಂದು ಭಾಗ ಜನ. ಸಮ ಅಂತರದಲ್ಲಿ ಬಿಟ್ಟರೆ ಆ ಹೊತ್ತಿಗೆ ಸಿಗುವುದು ಎರಡೂಕಾಲು ಬಸ್ಸು. ಒಂದೊಂದರಲ್ಲಿ 62 ಜನ. ನಾವು ಇಟ್ಟ ಗುರಿ 1.25, ಆಗಿದ್ದು 1.55. ಮಿಕ್ಕ ಮುಕ್ಕಾಲು ಗಂಟೆಯಲ್ಲಿ ಒಂದೊಂದು ಬಸ್ಸಿಗೆ 41 ಜನ, ಆರಾಮ. ಗಂಟೆಯ ಲೆಕ್ಕ ಪಾಸ್ ಆಯಿತು, ಮೆಟ್ಟಿಲ ಮೇಲಿನ ಹುಡುಗರು ಅಲ್ಲೇ ಉಳಿದರು.

ಈಗ ನೋಡಿ, ನನಗೆ ಖುಷಿ ಕೊಟ್ಟ ಭಾಗ. ಆ ಕಾಲು ಗಂಟೆಗೆ ಮೂರು ಬಸ್ಸು ಕೊಡಿ, ಐದು ನಿಮಿಷಕ್ಕೊಂದು. 140 ಭಾಗ 3, ಸುಮಾರು 47 ಜನ. ಮಿಕ್ಕ 45 ನಿಮಿಷಕ್ಕೆ ಆರು ಬಸ್ಸು, ಏಳೂವರೆ ನಿಮಿಷಕ್ಕೊಂದು. 280 ಭಾಗ 6, ಅಲ್ಲೂ 47. ಒಟ್ಟು ಎಷ್ಟಾಯಿತು? ಒಂಬತ್ತೇ. ಹೊಸ ಗಾಡಿ ಬೇಡ, ಹೊಸ ಡ್ರೈವರ್ ಬೇಡ. ಹೊರಡುವ ಟೈಮನ್ನು ಒಂದೆರಡು ನಿಮಿಷ ಆ ಕಡೆ ಈ ಕಡೆ ಸರಿಸಿದರೆ ಸಾಕು. ಆದರೆ ನೆನಪಿರಲಿ, ಈ ಟೈಮು ಮೂರನೇ ಗೇಟಿನದು. ಸಿಬಿಟಿಯಿಂದ ಅಲ್ಲಿಗೆ ಬರಲು ಬೆಳಗಿನ ಟ್ರಾಫಿಕ್ಕಿನಲ್ಲಿ ಎಷ್ಟು ನಿಮಿಷ ಬೇಕೋ ಅಷ್ಟು ಮುಂಚೆ ಅಲ್ಲಿಂದ ಹೊರಡಬೇಕು. ಸಿಬಿಟಿಯಲ್ಲಿ ರಶ್ ಕಂಡಾಗ ಹೆಚ್ಚಿಗೆ ಬಸ್ ಬಿಟ್ಟರೆ ಗೇಟಿಗೆ ಬರುವಷ್ಟರಲ್ಲಿ ಕಾಲೇಜಿನ ಬೆಲ್ ಹೊಡೆದಿರುತ್ತದೆ.

ಇನ್ನು ಎಣಿಕೆ. ಟಿಕೆಟ್ ಮಷಿನ್‌ನಲ್ಲಿ ಎಲ್ಲ ಇದೆಯಲ್ಲ ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಯಾವ ಸ್ಟೇಜಿನಿಂದ ಯಾವ ಸ್ಟೇಜಿಗೆ ಅಂತ ಪ್ರತಿ ಟಿಕೆಟ್ಟಿನಲ್ಲೂ ಇರುತ್ತದೆ. ಹತ್ತಿದವರನ್ನು ಕೂಡಿಸುತ್ತಾ, ಇಳಿದವರನ್ನು ಕಳೆಯುತ್ತಾ ಹೋದರೆ ಗೇಟಿನಲ್ಲಿ ಒಳಗೆ ಎಷ್ಟು ಜನ ಅಂತ ಸಿಗುತ್ತದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್ ಕೊಡುತ್ತಾರೆ, ಅದೂ ಲೆಕ್ಕಕ್ಕೆ ಸಿಗುತ್ತದೆ. ಸಿಗದೆ ಹೋಗುವವರು ಪಾಸಿನವರು. ಪಾಸ್ ತೋರಿಸಿ ಒಳಗೆ ಹೋದ ಹುಡುಗನ ಹೆಸರಲ್ಲಿ ಟಿಕೆಟ್ ಹರಿಯದಿದ್ದರೆ ಮಷಿನ್ ಪಾಲಿಗೆ ಅವನು ಬಸ್ಸಿನಲ್ಲೇ ಇಲ್ಲ. ಒಂಬತ್ತರ ಬಸ್ಸಿನಲ್ಲಿ ಜಾಸ್ತಿ ಇರುವವರೇ ಅವರು. ಆದ್ದರಿಂದ ಒಂದು ವಾರ ಯಾರಾದರೂ ಗೇಟಿನಲ್ಲಿ ನಿಂತು ಕಣ್ಣಿನಿಂದಲೇ ಎಣಿಸುವುದು ತಪ್ಪುವುದಿಲ್ಲ. ಸೋಮವಾರ, ಸಂತೆ ದಿನ, ಪರೀಕ್ಷೆ ದಿನ ಬಿಟ್ಟು.

ಇನ್ನೊಂದು ವಿಷಯ. ಬಸ್ಸೇ ತುಂಬಿದ್ದರೆ ಎಣಿಕೆ ಎಷ್ಟು ಬರುತ್ತದೆ? ಬಸ್ ಹಿಡಿಸಿದಷ್ಟೇ ಬರುತ್ತದೆ. ಏಳು ಬಸ್ ಬಿಟ್ಟು ಎಣಿಸಿದರೆ ಏಳು ಬಸ್ಸಿನಷ್ಟೇ ಜನ ಸಿಗುತ್ತಾರೆ, ಆಮೇಲೆ ಏಳು ಸಾಕು ಅಂತ ಬರೆಯುತ್ತಾರೆ. ಸ್ಟಾಪಿನಲ್ಲಿ ಉಳಿದವರನ್ನೂ, ಬೇಸತ್ತು ಟಂಟಂ ಹತ್ತಿದವರನ್ನೂ ಬರೆದುಕೊಳ್ಳಬೇಕು. ಎಂಟೂ ಐವತ್ತಕ್ಕೆ ಉಳಿದು ಮುಂದಿನ ಬಸ್ ಹತ್ತಿದವರನ್ನು ಎರಡು ಸಲ ಕೂಡಿಸಬೇಡಿ, ಅಷ್ಟೇ. ಅವರನ್ನು ಬಂದ ಹೊತ್ತಿನ ಖಾತೆಗೆ ಹಾಕಿ, ಹತ್ತಿದ ಹೊತ್ತಿನದಕ್ಕಲ್ಲ.

ಇಷ್ಟೆಲ್ಲ ಸರಿಯಾದರೂ ರಸ್ತೆ ಮೇಲೆ ಕೆಡುವುದು ಒಂದೇ ಕಾರಣಕ್ಕೆ. ಐದು ನಿಮಿಷಕ್ಕೊಂದು ಬರಬೇಕಾದ ಬಸ್ಸುಗಳಲ್ಲಿ ಒಂದು ಗೋವಾವೇಸ್ ಹತ್ತಿರ ಸಿಕ್ಕಿಹಾಕಿಕೊಂಡಿತು ಅನ್ನಿ. ಗೇಟಿಗೆ ಅದು ಒಂಬತ್ತು ನಿಮಿಷದ ನಂತರ ಬಂತು, ಅದರ ಹಿಂದೆಯೇ ಒಂದು ನಿಮಿಷಕ್ಕೆ ಇನ್ನೊಂದು. ನಿಮಿಷಕ್ಕೆ ಒಂಬತ್ತಕ್ಕಿಂತ ಜಾಸ್ತಿ ಜನ ಸೇರುವ ಹೊತ್ತು ಅದು. ಮೊದಲ ಬಸ್ಸಿನ ಪಾಲಿಗೆ 84 ಜನ, ಎರಡನೆಯದಕ್ಕೆ ಒಂಬತ್ತು. ತುಂಬಿದ ಬಸ್ಸಿನಲ್ಲಿ ಹತ್ತಿ ಇಳಿಯಲು ಹೊತ್ತು ಹಿಡಿಯುತ್ತದೆ, ಅದು ಇನ್ನೂ ತಡವಾಗುತ್ತದೆ. ಹಿಂದಿನದು ಖಾಲಿ, ಬೇಗ ಬಂದು ಅದರ ಬೆನ್ನಿಗೆ ಅಂಟುತ್ತದೆ. ರಿಜಿಸ್ಟರಿನಲ್ಲಿ ಮಾತ್ರ ಎರಡೂ ಟ್ರಿಪ್ ಹೋಗಿವೆ, ಸರಾಸರಿಯೂ ಅದೇ 47.

ಇದಕ್ಕೆ ಇನ್ನೊಂದು ಗಾಡಿ ಸೇರಿಸಿದರೆ ಎರಡರ ಬದಲು ಮೂರು ಬಸ್ ಜೊತೆಯಾಗಿ ಬರುತ್ತವೆ. ಬೇಕಾದದ್ದು ಆರ್‌ಪಿಡಿ ಕ್ರಾಸಿನಲ್ಲಿ ಕೈಯಲ್ಲಿ ವಾಚು, ವಾಕಿಟಾಕಿ ಇರುವ ಒಬ್ಬ ಮನುಷ್ಯ. ಹಿಂದಿನ ಬಸ್ಸನ್ನು ಮೂರು ನಿಮಿಷ ತಡೆದು ಬಿಡುವ ಅಧಿಕಾರ ಅವನಿಗೆ ಇರಬೇಕು. ಒಳಗೆ ಕೂತ ಒಂಬತ್ತು ಜನ ಬೈಯುತ್ತಾರೆ, ಬೈಯಲಿ.

ನಮ್ಮ ಓಣಿಯ ಅಜ್ಜಿಯೊಬ್ಬರು ಈ ಲೆಕ್ಕ ಯಾವುದೂ ಇಲ್ಲದೆ ಇದನ್ನು ಕಂಡುಕೊಂಡಿದ್ದಾರೆ. ತುಂಬಿದ ಬಸ್ ಬಂದರೆ ಕೈ ಮಾಡುವುದೇ ಇಲ್ಲ. ನಾನು ಓಡುವುದನ್ನು ನೋಡಿ ಮೊನ್ನೆ ಚೀಲ ಕೆಳಗಿಟ್ಟು ಹೇಳಿದರು: "ಯಾಕ ಓಡ್ತಿಯೋ ತಮ್ಮಾ, ಇದರ ಹಿಂದನ ಖಾಲಿ ಗಾಡಿ ಬರ್ತೈತಿ, ನಿಂದ್ರು."