ಆರ್‌ಒಇ 27.5: ಇದರಲ್ಲಿ ಸಾಲದ ಪಾಲೆಷ್ಟು?

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಷೇರು ಕೊಳ್ಳುವವರೇ. ಹಾಗಾಗಿ ಆರ್‌ಒಇಯನ್ನು ಅ ಆ ಇ ಈಯಿಂದ ಶುರು ಮಾಡುವುದಿಲ್ಲ. ಷೇರುದಾರರ ಪ್ರತಿ ನೂರು ರೂಪಾಯಿಗೆ ವರ್ಷಕ್ಕೆ ಎಷ್ಟು ನಿವ್ವಳ ಲಾಭ ಬಂತು ಅನ್ನುವ ಲೆಕ್ಕ ಅದು. ನನ್ನ ತಕರಾರು ಒಂದೇ: ಈ ಸಂಖ್ಯೆಯನ್ನು ಒಂಟಿಯಾಗಿ ನೋಡಬೇಡಿ.

ಹೋದ ತಿಂಗಳು ಪಕ್ಕದ ಮನೆಯ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದ. ಕೆಲಸಕ್ಕೆ ಸೇರಿ ಒಂದು ವರ್ಷವಾಗಿದೆ, ಉಳಿತಾಯ ಶುರು ಮಾಡಿದ್ದಾನೆ. ಆರ್‌ಒಇ ಜಾಸ್ತಿ ಇರುವ ಕಂಪನಿಗಳನ್ನು ಮೇಲಿಂದ ಕೆಳಕ್ಕೆ ಜೋಡಿಸಿಟ್ಟಿದ್ದ. "ಅಂಕಲ್, ಮೇಲಿನ ಹತ್ತು ತಗೊಂಡ್ರೆ ಸಾಕಲ್ವಾ?" ಅಂದ. ಕೂತ್ಕೋ ಮಾರಾಯ ಅಂತ ಒಂದು ಹಾಳೆ ಕೊಟ್ಟೆ. ಎರಡು ನೂಲಿನ ಗಿರಣಿಗಳನ್ನು ಕಲ್ಪಿಸಿಕೊಂಡೆವು. ಲೆಕ್ಕ ಸುಲಭವಾಗಲಿ ಅಂತ ಸಂಖ್ಯೆಗಳನ್ನೂ ದುಂಡಗೆ ಇಟ್ಟುಕೊಂಡೆವು.

ಎರಡಕ್ಕೂ ಹೂಡಿದ ಹಣ 100 ಕೋಟಿ. ಎರಡರ ಮಾರಾಟವೂ 150 ಕೋಟಿ. ಬಡ್ಡಿ, ತೆರಿಗೆ ಕಟ್ಟುವ ಮುಂಚಿನ ಲಾಭ ಎರಡರದ್ದೂ 18 ಕೋಟಿ. ಮೊದಲನೆಯದು ಪೂರ್ತಿ ಷೇರುದಾರರ ದುಡ್ಡಲ್ಲಿ ನಡೆಯುತ್ತದೆ. ಎರಡನೆಯದರಲ್ಲಿ ಷೇರುದಾರರ ದುಡ್ಡು 30 ಕೋಟಿ, ಮಿಕ್ಕ 70 ಕೋಟಿ ಶೇ 10ರ ಬಡ್ಡಿಯ ಸಾಲ. ತೆರಿಗೆ ಶೇ 25 ಅಂತಿಟ್ಟುಕೊಳ್ಳಿ.

ಮೊದಲ ಗಿರಣಿ 18 ಕೋಟಿಯಲ್ಲಿ 4.5 ಕೋಟಿ ತೆರಿಗೆ ಕಟ್ಟಿ 13.5 ಕೋಟಿ ಉಳಿಸಿಕೊಳ್ಳುತ್ತದೆ. ಆರ್‌ಒಇ ಶೇ 13.5. ಎರಡನೆಯದು 7 ಕೋಟಿ ಬಡ್ಡಿ ಕಟ್ಟುತ್ತದೆ. ಮಿಕ್ಕ 11 ಕೋಟಿಯಲ್ಲಿ ತೆರಿಗೆ ಕಳೆದರೆ 8.25 ಕೋಟಿ. ಲಾಭ ಕಡಿಮೆಯೇ ಆಯಿತು, ಅಲ್ವಾ? ಆದರೆ ಅದನ್ನು 30 ಕೋಟಿಯಿಂದ ಭಾಗಿಸಬೇಕು. ಆರ್‌ಒಇ ಶೇ 27.5! ಹುಡುಗ ಮೂರು ಸಲ ಗುಣಿಸಿ, ಭಾಗಿಸಿ ನೋಡಿದ. ಒಂದೇ ಥರದ ಯಂತ್ರ, ಅದೇ ನೂಲು, ಅಷ್ಟೇ ವ್ಯಾಪಾರ. ಅವನ ಪಟ್ಟಿಯಲ್ಲಿ ಎರಡನೆಯದು ಎಲ್ಲೋ ಮೇಲಿರುತ್ತಿತ್ತು, ಮೊದಲನೆಯದು ಕಣ್ಣಿಗೂ ಬೀಳುತ್ತಿರಲಿಲ್ಲ.

ಈಗ ಹತ್ತಿಯ ಬೆಲೆ ಏರಿ, ನೂಲಿನ ಬೆಲೆ ಏರದ ವರ್ಷ ಬಂತು ಅನ್ನಿ. 18 ಕೋಟಿಯ ಲಾಭ 6 ಕೋಟಿಗೆ ಇಳಿಯಿತು. ಮೊದಲ ಗಿರಣಿಯ ಆರ್‌ಒಇ ಶೇ 4.5. ಬೇಜಾರು, ಆದರೆ ಬದುಕುತ್ತದೆ. ಎರಡನೆಯದಕ್ಕೆ ಬಡ್ಡಿಯೇ 7 ಕೋಟಿ. 1 ಕೋಟಿ ನಷ್ಟ. ಬ್ಯಾಂಕಿನವರು ಹತ್ತಿಯ ಬೆಲೆ ಕೇಳಿ ಬಡ್ಡಿ ಬಿಡುವುದಿಲ್ಲ.

ಇದರ ಗುಟ್ಟು ಸರಳ. ಒಟ್ಟು ಹೂಡಿದ ಹಣದ ಮೇಲೆ ಕಂಪನಿ ಗಳಿಸುವ ದರ, ಅಂದರೆ ಆರ್‌ಒಸಿಇ, ಸಾಲದ ಬಡ್ಡಿಗಿಂತ ಮೇಲಿದ್ದರೆ ಸಾಲ ಆರ್‌ಒಇಯನ್ನು ಎತ್ತುತ್ತದೆ. ಕೆಳಗಿಳಿದರೆ ಅದೇ ಸಾಲ ಅದನ್ನು ಕೆಳಕ್ಕೆಳೆಯುತ್ತದೆ. ನಮ್ಮ ಗಿರಣಿಗಳ ಲಾಭ ಸರಿಯಾಗಿ 10 ಕೋಟಿ ಇದ್ದರೆ ಎರಡರ ಆರ್‌ಒಇಯೂ 7.5. ಬೇಕಾದರೆ ಮನೆಗೆ ಹೋಗಿ ಲೆಕ್ಕ ಹಾಕಿ. ಒಳ್ಳೆಯ ವರ್ಷದಲ್ಲಿ ಎರಡರ ಆರ್‌ಒಸಿಇಯೂ 18 ಇತ್ತು. ವ್ಯಾಪಾರ ಹೇಗಿದೆ ಅಂತ ಹೇಳಿದ್ದು ಅದು, ಆರ್‌ಒಇ ಅಲ್ಲ.

"ಸಾಲವೇ ತಪ್ಪಾ ಸರ್?" ಅಂತ ಅಲ್ಲಿ ಒಬ್ಬರು ಕೇಳುತ್ತಿದ್ದಾರೆ. ಇಲ್ಲ. ಆದಾಯ ಸ್ಥಿರವಾಗಿರುವ ಕಂಪನಿ ಸಾಲ ತಾಳಿಕೊಳ್ಳುತ್ತದೆ. ಮನೆ ಕಟ್ಟುವ, ರಿಪೇರಿ ಮಾಡುವ ಸಾಮಾನು ಮಾರುವ ಅಮೆರಿಕದ ಹೋಮ್ ಡಿಪೋವನ್ನೇ ನೋಡಿ. ಒಳ್ಳೆಯ ವ್ಯಾಪಾರ. ಆದರೆ ಸಾಲವನ್ನೂ ಎತ್ತುತ್ತಾ, ತನ್ನದೇ ಷೇರುಗಳನ್ನು ವರ್ಷಗಟ್ಟಲೆ ಬೈಬ್ಯಾಕ್ ಮಾಡುತ್ತಾ ಬಂತು. ಹಾಗೆ ಕೊಂಡಷ್ಟೂ ಷೇರುದಾರರ ಬಂಡವಾಳ ಕರಗುತ್ತದೆ. 2018ರ ಜನವರಿಗೆ ಮುಗಿದ ವರ್ಷದಲ್ಲಿ ನಿವ್ವಳ ಲಾಭ ಸುಮಾರು 863 ಕೋಟಿ ಡಾಲರ್, ಷೇರುದಾರರ ಬಂಡವಾಳ ಬರೀ 145 ಕೋಟಿ ಡಾಲರ್. ಆರ್‌ಒಇ ಶೇ 590ರ ಆಸುಪಾಸು! ಮರುವರ್ಷ ಲಾಭ ಇನ್ನೂ ಹೆಚ್ಚಿತು, ಬಂಡವಾಳ ಮಾತ್ರ ಸೊನ್ನೆಗಿಂತ ಕೆಳಗೆ ಹೋಯಿತು. ಆಗ ಆರ್‌ಒಇಗೆ ಅರ್ಥವೇ ಇಲ್ಲ.

ಚೀಟಿ ಬಂತು, ಸಮಯ ಆಗಿದೆಯಂತೆ. ಬ್ಯಾಂಕುಗಳ ಬಗ್ಗೆ ಹೇಳಬೇಕಿತ್ತು. ಅವುಗಳ ವ್ಯಾಪಾರವೇ ಬೇರೆಯವರ ದುಡ್ಡಿನದು, ಆರ್‌ಒಸಿಇಯ ಅಳತೆ ಅವಕ್ಕೆ ಹೊಂದುವುದಿಲ್ಲ ಅಂತಷ್ಟೇ ಹೇಳಿ ಬಿಡುತ್ತೇನೆ.

ಇನ್ನೊಂದೇ ಮಾತು. ಬ್ಯಾಲೆನ್ಸ್ ಶೀಟಿನಲ್ಲಿ ಕಾಣುವ ಸಾಲ ಮಾರ್ಚ್ 31ರ ಒಂದು ದಿನದ ಚಿತ್ರ. ಕೆಲವರು ಆ ಹೊತ್ತಿಗೆ ಸಾಲ ಇಳಿಸಿ, ಏಪ್ರಿಲ್‌ನಲ್ಲಿ ಮತ್ತೆ ಎತ್ತುತ್ತಾರೆ. ವರ್ಷವಿಡೀ ಕಟ್ಟಿದ ಬಡ್ಡಿಯನ್ನು ಆ ಸಾಲದಿಂದ ಭಾಗಿಸಿ ನೋಡಿ. ನಮ್ಮ ಎರಡನೇ ಗಿರಣಿ 7 ಕೋಟಿ ಬಡ್ಡಿ ಕಟ್ಟಿ, ಸಾಲ 35 ಕೋಟಿ ಅಂತ ತೋರಿಸಿದರೆ ಬಡ್ಡಿದರ ಶೇ 20 ಆಯಿತು. ಬೇರೆ ಗಿರಣಿಗಳಿಗೆ ಶೇ 10ಕ್ಕೆ ಸಾಲ ಸಿಗುತ್ತಿರುವಾಗ ಇದಕ್ಕೆ ಯಾಕೆ 20? ಸಾಲ ವರ್ಷದ ನಡುವೆಯೇ ತೀರಿರಬಹುದು, ಇಲ್ಲವೇ ಮಾರ್ಚ್‌ಗೆಂದೇ ಇಳಿಸಿರಬಹುದು. ಸೆಪ್ಟೆಂಬರ್ ಅಂತ್ಯದ ಬ್ಯಾಲೆನ್ಸ್ ಶೀಟನ್ನೂ ಪಕ್ಕಕ್ಕಿಟ್ಟುಕೊಂಡರೆ ಯಾವುದು ಅಂತ ಬಹುಪಾಲು ಗೊತ್ತಾಗುತ್ತದೆ.